ಪವರ್ ಬ್ಯಾಂಕ್ ಕೊಳ್ಳುವ ಮುನ್ನ ರಿವ್ಯೂಗಳನ್ನು ಸೋಸುವುದು ಹೇಗೆ?

20,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕಿನ ಕೆಳಗೆ ‘ನನ್ನ 5,000 ಎಂಎಎಚ್ ಫೋನ್ ನಾಲ್ಕು ಸಲ ಫುಲ್ ಚಾರ್ಜ್ ಆಯಿತು, ಸೂಪರ್ ಪ್ರಾಡಕ್ಟ್’ ಎಂಬ ಐದು ಸ್ಟಾರ್‌ಗಳ ರಿವ್ಯೂ ಕಂಡರೆ ಅದನ್ನು ಮೊದಲು ಅನುಮಾನಿಸಬೇಕು. ಇಪ್ಪತ್ತು ಸಾವಿರವನ್ನು ಐದು ಸಾವಿರದಿಂದ ಭಾಗಿಸಿದರೆ ನಾಲ್ಕು ಬರುತ್ತದೆ ಎಂಬುದು ಪೆಟ್ಟಿಗೆ ನೋಡಿ ಮಾಡಿದ ಲೆಕ್ಕ. ಬಳಸಿ ನೋಡಿದವರಿಗೆ ಸಿಗುವ ಲೆಕ್ಕ ಬೇರೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಒಳಗಿನ ಲಿಥಿಯಂ ಸೆಲ್‌ಗಳ ಸುಮಾರು 3.7 ವೋಲ್ಟ್ ಮಟ್ಟದಲ್ಲಿ ಹೇಳಿರುತ್ತಾರೆ. ಹಾಗಾಗಿ ಅದರಲ್ಲಿರುವ ಒಟ್ಟು ಶಕ್ತಿ 74 ವ್ಯಾಟ್-ಅವರ್. ಅದೇ ಶಕ್ತಿ ಯುಎಸ್‌ಬಿಯ 5 ವೋಲ್ಟ್‌ನಲ್ಲಿ ಹೊರಬರುವಾಗ ಅಂಕಿ 14,800 ಎಂಎಎಚ್‌ಗೆ ಇಳಿಯುತ್ತದೆ, ಆ ಪರಿವರ್ತನೆಯಲ್ಲಿ ಶಾಖವಾಗಿ ಹೋಗುವ ಪಾಲನ್ನು ಕಳೆದರೆ ಹೊರಬರುವುದು ಹನ್ನೆರಡು-ಹದಿಮೂರು ಸಾವಿರದ ಆಸುಪಾಸು. ಅನೇಕ ಪವರ್ ಬ್ಯಾಂಕ್‌ಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಅಚ್ಚಾಗಿರುವುದು ಈ ಅಂಕಿಯೇ. ಫೋನಿನೊಳಗೂ ಒಂದಿಷ್ಟು ನಷ್ಟವಾಗುವುದರಿಂದ, ಅಂಥ ಫೋನು ಖಾಲಿಯಿಂದ ಪೂರ್ತಿ ತುಂಬುವುದು ಹೆಚ್ಚುಕಡಿಮೆ ಎರಡೂವರೆ ಸಲ. ‘ಎರಡು ಸಲ ಫುಲ್ ಆಯಿತು, ಮೂರನೆಯ ಸಲ ಅರ್ಧಕ್ಕೆ ನಿಂತಿತು’ ಎಂದು ಗೊಣಗಿ ಮೂರು ಸ್ಟಾರ್ ಕೊಟ್ಟವರೇ ನಿಜವಾಗಿ ಬಳಸಿದವರು ಎನ್ನಲು ಹೆಚ್ಚು ಕಾರಣವಿದೆ. ಅವರ ಗೊಣಗಾಟ ಆ ಸಾಧನದ ಪರವಾದ ಸಾಕ್ಷಿ ಎಂಬುದು ಬೇರೆ ಮಾತು. ಫೋನಿನಲ್ಲಿ ಶೇ 40ರಷ್ಟು ಚಾರ್ಜ್ ಇರುವಾಗಲೇ ಸಿಕ್ಕಿಸಿ ಅದನ್ನೂ ಒಂದು ಸಲವೆಂದು ಎಣಿಸುವ ಪ್ರಾಮಾಣಿಕರೂ ಇರುತ್ತಾರೆ, ಆದ್ದರಿಂದ ಒಂದೇ ರಿವ್ಯೂ ನೋಡಿ ತೀರ್ಪು ಕೊಡಬಾರದು. ‘ನಾಲ್ಕು ಸಲ’ ಎಂಬ ಮಾತು ಹತ್ತಾರು ಕಡೆ ಅದೇ ಧಾಟಿಯಲ್ಲಿ ಮರುಕಳಿಸಿದಾಗ ಮಾತ್ರ ಅದಕ್ಕೆ ತೂಕ.

ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ರಿವ್ಯೂಗಳ ಕ್ರಮವನ್ನು ‘ಇತ್ತೀಚಿನವು ಮೊದಲು’ ಎಂಬುದಕ್ಕೆ ಬದಲಾಯಿಸಿ. ಮಾರಾಟ ತಾಣ ತಾನಾಗಿ ಮೇಲೆ ತೋರಿಸುವ ರಿವ್ಯೂಗಳಲ್ಲಿ ಹಳೆಯವು, ಹೊಸವು ಬೆರೆತು ದಿನಾಂಕಗಳ ಓಟ ಕಾಣುವುದಿಲ್ಲ. ಸಾಲಾಗಿ ಜೋಡಿಸಿದಾಗ, ವಾರಗಟ್ಟಲೆ ಒಂದೆರಡೇ ರಿವ್ಯೂ ಇದ್ದ ಪುಟದಲ್ಲಿ ಮೂರ್ನಾಲ್ಕು ದಿನಗಳೊಳಗೆ ಐದು ಸ್ಟಾರ್‌ಗಳ ಮಳೆ ಸುರಿದು ಮತ್ತೆ ನಿಂತಿದ್ದರೆ ಗೊತ್ತಾಗುತ್ತದೆ. ದಸರಾ, ದೀಪಾವಳಿ ಸೇಲ್ ಮುಗಿದ ವಾರದಲ್ಲಿ ಇಂಥ ಏರಿಕೆ ಸಹಜ. ಆದರೆ ಆಗ ಒಂದು, ಎರಡು ಸ್ಟಾರ್‌ಗಳೂ ಜೊತೆಯಲ್ಲೇ ಏರಿರುತ್ತವೆ.

ಹಾಗೆಯೇ ಕೆಳಕ್ಕೆ ಸರಿಯುತ್ತ ಹಳೆಯ ರಿವ್ಯೂಗಳವರೆಗೆ ಹೋಗಿ. ಪವರ್ ಬ್ಯಾಂಕಿನ ಪುಟದಲ್ಲಿ ‘ಕವರ್ ಫೋನಿಗೆ ಸರಿಯಾಗಿ ಕೂರುತ್ತದೆ’ ಎಂಬ ಮಾತು ಎದುರಾದರೆ, ಹಿಂದೆ ಬೇರೆ ವಸ್ತು ಮಾರುತ್ತಿದ್ದ ಪುಟದ ಹೆಸರು ಮತ್ತು ಚಿತ್ರವನ್ನಷ್ಟೇ ಬದಲಿಸಿ, ಅದು ಗಳಿಸಿದ್ದ ಸ್ಟಾರ್‌ಗಳನ್ನು ಉಳಿಸಿಕೊಂಡಿದ್ದಾರೆ ಎಂದರ್ಥ. 10,000 ಮತ್ತು 20,000 ಎಂಎಎಚ್‌ನ ಎರಡು ಮಾದರಿಗಳಿಗೆ ಒಂದೇ ರಿವ್ಯೂ ಪಟ್ಟಿ ಇರುವುದು ಮೋಸವೇನಲ್ಲ, ಆದರೂ ಯಾವ ಮಾದರಿಯ ಬಗ್ಗೆ ಬರೆದಿದ್ದಾರೆಂದು ರಿವ್ಯೂ ಮೇಲಿನ ಸಣ್ಣ ಸಾಲಿನಲ್ಲಿ ನೋಡಿಕೊಳ್ಳಬೇಕು.

ನಕಲನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ. ರಿವ್ಯೂನಿಂದ ಹತ್ತು-ಹನ್ನೆರಡು ಪದಗಳ ಒಂದು ವಾಕ್ಯವನ್ನು ಆರಿಸಿ, ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿ. ಅದೇ ವಾಕ್ಯ ಬೇರೆ ಕಂಪನಿಯ ಪವರ್ ಬ್ಯಾಂಕಿನ ಕೆಳಗೋ ತಯಾರಕರ ಜಾಹೀರಾತಿನಲ್ಲೋ ಸಿಕ್ಕರೆ ಬೇರೆ ಪುರಾವೆ ಬೇಡ. ಸಿಗದಿದ್ದರೆ ಅದು ಅಸಲಿ ಎಂದೇನೂ ಆಗುವುದಿಲ್ಲ, ಏಕೆಂದರೆ ಎಲ್ಲ ರಿವ್ಯೂಗಳೂ ಹುಡುಕಾಟಕ್ಕೆ ಸಿಗುವುದಿಲ್ಲ.

‘ವೆರಿಫೈಡ್ ಪರ್ಚೇಸ್’ ಎಂಬ ಗುರುತನ್ನು ಜನ ಅತಿಯಾಗಿ ನಂಬುತ್ತಾರೆ ಎಂಬುದು ನನ್ನ ಅನಿಸಿಕೆ. ಅದು ಹೇಳುವುದು ಆ ಖಾತೆಯಿಂದ ಖರೀದಿ ನಡೆದಿದೆ ಎಂದಷ್ಟೆ. ಪೆಟ್ಟಿಗೆಯೊಳಗೆ ಚೀಟಿಯಿಟ್ಟು, ಐದು ಸ್ಟಾರ್ ಕೊಟ್ಟ ಸ್ಕ್ರೀನ್‌ಶಾಟ್ ಅನ್ನು ವಾಟ್ಸ್‌ಆ್ಯಪ್ ಮಾಡಿದರೆ ಹಣ ವಾಪಸ್ ಎನ್ನುವವರಿದ್ದಾರೆ. ಖರೀದಿ ನಿಜವಾದ್ದರಿಂದ ಗುರುತೂ ನಿಜವೇ, ಅಭಿಪ್ರಾಯಕ್ಕೆ ಮಾತ್ರ ಬೆಲೆ ಸಂದಾಯವಾಗಿರುತ್ತದೆ. ‘ಚೀಟಿ ಇತ್ತು’ ಎಂದು ಒಂದು ಸ್ಟಾರ್ ಕೊಟ್ಟವರೇ ಕೆಲವೊಮ್ಮೆ ಬರೆದುಬಿಡುವುದರಿಂದ, ರಿವ್ಯೂಗಳೊಳಗೆ ‘card’, ‘cashback’ ಎಂದು ಹುಡುಕುವುದು ಲಾಭದಾಯಕ. ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ರಿವ್ಯೂ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ನಿಷೇಧಿಸಿವೆ. ಇಂಥ ಚೀಟಿ ಬಂದರೆ ಅದರ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು.

ಇಷ್ಟು ಸೋಸಿದ ಮೇಲೆ ಉಳಿಯುವವುಗಳಲ್ಲಿ, ಖರೀದಿಸಿ ಐದಾರು ತಿಂಗಳಾದ ಮೇಲೆ ಬರೆದ ರಿವ್ಯೂಗಳನ್ನು ನಿಧಾನವಾಗಿ ಓದಿ. ಡೆಲಿವರಿಯಾದ ದಿನವೇ ಬರೆದದ್ದು, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಪ್ಯಾಕಿಂಗ್ ಮತ್ತು ಬಣ್ಣವನ್ನು ಬಿಟ್ಟು ಹೆಚ್ಚೇನೂ ಹೇಳಲಾರದು. ಪೋರ್ಟ್ ಸಡಿಲವಾಯಿತೇ, ಮೈ ಉಬ್ಬಿತೇ, ವಾರಂಟಿಯಲ್ಲಿ ಬದಲಿ ಕೊಟ್ಟರೇ ಎಂಬುದೆಲ್ಲ ತಿಳಿಯುವುದು ತಡವಾಗಿ ಬರೆದವರಿಂದ.