ಪ್ರೀ-ವರ್ಕೌಟ್ ಕಲಸೋ ಮುಂಚೆ ಕಾಫಿ ಲೆಕ್ಕ ಹಾಕಿ

ಜಿಮ್‌ಗೆ ಹೋಗೋರು ವ್ಯಾಯಾಮಕ್ಕೆ ಮುಂಚೆ ಕುಡಿಯೋ ಪ್ರೀ-ವರ್ಕೌಟ್ ಪುಡಿ ಕಲಸೋ ಮುಂಚೆ ಡಬ್ಬಿ ಹಿಂದೆ ಒಂದು ಸ್ಕೂಪ್‌ಗೆ ಎಷ್ಟು ಮಿಲಿಗ್ರಾಂ ಕೆಫೀನ್ ಅಂತ ನೋಡಿ, ಹಿಂದಿನ ಐದು ಗಂಟೇಲಿ ಕುಡಿದಿರೋ ಕಾಫಿ, ಎನರ್ಜಿ ಡ್ರಿಂಕ್ ಎಲ್ಲ ಅದಕ್ಕೆ ಕೂಡಿಸಿ, 200 ದಾಟಿದ್ರೆ ಅವತ್ತು ಸ್ಕೂಪ್ ಕಡಿಮೆ ಮಾಡಿ, ಅಥವಾ ಪೂರ್ತಿ ಬಿಟ್ಬಿಡಿ. ಈಗ ನಾಲ್ಕಕ್ಕೆ ಒಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಸುಮಾರು 80, ಐದಕ್ಕೆ ಒಂದು ಸಣ್ಣ ಕ್ಯಾನ್ ಎನರ್ಜಿ ಡ್ರಿಂಕ್ 75, ಆರಕ್ಕೆ 200ರ ಸ್ಕೂಪ್ ಅಂದ್ರೆ ಎರಡೇ ಗಂಟೇಲಿ 355 ಆಯ್ತು, ಆರೋಗ್ಯವಾಗಿರೋ ದೊಡ್ಡೋರಿಗೆ ಇಡೀ ದಿನಕ್ಕೇ 400 ಸಾಕು ಅಂತಾರೆ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಅದು ಅಡ್ರಿನಲಿನ್ ಏರಿಸಿ ಎದೆ ಬಡಿತ, ಬಿಪಿ ಎರಡನ್ನೂ ಮೇಲಕ್ಕೆ ತಳ್ಳುತ್ತೆ, ಭಾರ ಎತ್ತೋದೂ ಅದೇ ಕೆಲಸ ಮಾಡುತ್ತೆ, ಹಂಗಾಗಿ ಹೃದಯಕ್ಕೆ ಎರಡೂ ಕಡೆಯಿಂದ ಹೊರೆ. ಡಬ್ಬೀಲಿ ಬರೀ 'ಪ್ರೊಪ್ರೈಟರಿ ಬ್ಲೆಂಡ್' ಅಂತ, ಯಾವುದು ಎಷ್ಟಿದೆ ಅನ್ನೋದು ಹೇಳದೆ ಒಟ್ಟು ತೂಕ ಹಾಕಿದ್ರೆ ಈ ಲೆಕ್ಕ ನಡೆಯಲ್ಲ, ಗ್ವಾರಾನಾ ಅನ್ನೋ ಬೀಜದ ಸಾರ ಇದ್ರೆ ಅದ್ರಲ್ಲೂ ಕೆಫೀನ್ ಇರುತ್ತೆ, ಯೋಹಿಂಬಿನ್ ಅಥವಾ ಸಿನೆಫ್ರಿನ್ ಅನ್ನೋ ಉತ್ತೇಜಕ ಇದ್ರೆ ಕೆಫೀನ್ ಕಮ್ಮಿ ಇದ್ರೂ ಬಿಪಿ ಏರಬಹುದು, ಅಂಥದ್ದು ತಗೋಬೇಡಿ. ಬಿಪಿ, ಹೃದಯದ ತೊಂದ್ರೆ ಇರೋರಿಗೆ 200ರ ಲೆಕ್ಕವೂ ಅನ್ವಯ ಆಗಲ್ಲ, ಡಾಕ್ಟರನ್ನ ಕೇಳದೆ ಮುಟ್ಲೇಬೇಡಿ. ಸೆಟ್ ಮುಗಿಸಿ ಹತ್ತು ನಿಮಿಷ ಕೂತ್ರೂ ಎದೆ ಢವಢವ ಇಳೀದಿದ್ರೆ, ಬಡಿತ ತಪ್ಪಿದಂಗೆ ಅನ್ಸಿದ್ರೆ ಅವತ್ತಿನ ವರ್ಕೌಟ್ ಅಲ್ಲಿಗೇ ನಿಲ್ಸಿ, ಎದೆನೋವು ಬಂದ್ರೆ ಅಥವಾ ಕಣ್ಣು ಕತ್ತಲೆ ಬಂದ್ರೆ ಯಾರನ್ನಾದ್ರೂ ಕರ್ಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.