ಕಂಪನಿ ಕೊಟ್ಟ ಗಡುವು ಬೇರೆ, ಓಂಬುಡ್ಸ್‌ಮನ್ ಎಣಿಸುವ ದಿನ ಬೇರೆ

ವಿಜಯಪುರದ ಆಸ್ಪತ್ರೆಯಲ್ಲಿ ಅವ್ವನ ಆಪರೇಷನ್‌ಗೆ ಬಿಲ್ಲು ಆಗಿದ್ದು 80,000 ರೂಪಾಯಿ. ಆರೋಗ್ಯ ವಿಮೆ ಕಂಪನಿ ಕೊಟ್ಟಿದ್ದು 60,000. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000ದ ಮಿತಿ, ಹಿಡಿದ ರೂಮು 4,000ದ್ದು. ಅದಕ್ಕೆ ಇಡೀ ಬಿಲ್ಲಿನಲ್ಲೇ ಕಾಲು ಭಾಗ ಕತ್ತರಿಸಿದ್ದರು.

ತಪ್ಪು ಇದ್ದದ್ದು ಇಲ್ಲಿಯೇ. ಮಿತಿ ಮೀರಿದ ಪ್ರಮಾಣದಲ್ಲಿ ಸರ್ಜನ್ ಫೀ, ಥಿಯೇಟರ್ ಚಾರ್ಜು ಕಡಿಮೆ ಮಾಡಬಹುದು. ಆದರೆ ಔಷಧಿಗೂ ಲ್ಯಾಬಿಗೂ ಆ ಕಡಿತ ತಗಲಬಾರದು ಅಂತ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ನಾಲ್ಕು ದಿನದ ರೂಮು 12,000, ಸರ್ಜನ್ ಮತ್ತು ಥಿಯೇಟರಿನ 28,000ದಲ್ಲಿ 21,000, ಔಷಧಿ 24,000, ಲ್ಯಾಬು 12,000: ಒಟ್ಟು 69,000 ಬರಬೇಕು. ಬಾಕಿ 9,000. ದೂರಿನಲ್ಲಿ ಕೇಳಿದ್ದು ಅಷ್ಟನ್ನೇ. 20,000 ಕೇಳಿದ್ದರೆ ಕಂಪನಿ ರೂಮ್ ಬಾಡಿಗೆಯ ಷರತ್ತು ತೋರಿಸಿ ವಾದವನ್ನು ಬೇರೆ ಕಡೆಗೆ ಎಳೆಯುತ್ತದೆ.

ಏಜೆಂಟರಿಗೆ ಹೇಳಿದ್ದು, ಕಾಲ್ ಸೆಂಟರಿಗೆ ಫೋನ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲೇ ಹೋಗಬೇಕು. ಮಾರ್ಚ್ 4ರಂದು ಮೇಲ್ ಹೋಯಿತು, ದೂರಿನ ನಂಬರು ಅವತ್ತೇ ಬಂತು, 14 ದಿನದಲ್ಲಿ ಬಗೆಹರಿಸುತ್ತೇವೆ ಎಂಬ ಮಾತೂ ಬಂತು. 18ನೇ ತಾರೀಖು ದಾಟಿತು, ಉತ್ತರವಿಲ್ಲ.

ಬಹಳ ಮಂದಿ ಎಡವುವುದು ಈ ಹಂತದಲ್ಲಿ. ಕಂಪನಿಯ ಗಡುವು ಮುಗಿಯಿತೆಂದು 20ಕ್ಕೇ, ವಿಮೆಯ ದೂರುಗಳನ್ನು ತೀರ್ಮಾನಿಸುವ ಓಂಬುಡ್ಸ್‌ಮನ್ ಬಾಗಿಲಿಗೆ ಹೋದರೆ ಅವಧಿಗೆ ಮುಂಚೆ ಬಂದಿದೆ ಎಂದು ದೂರು ವಾಪಸ್ಸಾಗುತ್ತದೆ. 2017ರ ವಿಮಾ ಓಂಬುಡ್ಸ್‌ಮನ್ ನಿಯಮದಲ್ಲಿ ಕಂಪನಿಗೆ ದೂರು ತಲುಪಿದ ಮೇಲೆ ಒಂದು ತಿಂಗಳು ಉತ್ತರವಿಲ್ಲದೆ ಕಳೆಯಬೇಕು. ನಡುವೆ ಕಂಪನಿ ದೂರು ತಿರಸ್ಕರಿಸಿದರೆ ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಕಾಯಬೇಕಿಲ್ಲ. ಅಲ್ಲಿಂದ ಮುಂದೆ ಒಂದು ವರ್ಷದೊಳಗೆ ಹಾಕಬೇಕು. ನಾವು ಏಪ್ರಿಲ್ 5ಕ್ಕೆ `cioins.co.in`ನಲ್ಲಿ ಹಾಕಿದೆವು.

ಪಾಲಿಸಿ ಸೊಲ್ಲಾಪುರದ ಶಾಖೆಯದಾದರೂ ಮನೆ ವಿಜಯಪುರದಲ್ಲಿ ಇರುವುದರಿಂದ ಓಂಬುಡ್ಸ್‌ಮನ್‌ರ ಬೆಂಗಳೂರಿನ ಕಚೇರಿ ನಡೆಯುತ್ತದೆ; ಗಡಿಭಾಗದವರು ಇದನ್ನು ನೆನಪಿಡಬೇಕು. ಪಾಲಿಸಿ ಅವ್ವನದು, ಹಾಗಾಗಿ ದೂರೂ ಅವ್ವನ ಹೆಸರಲ್ಲಿ, ಸಹಿಯೂ ಅವ್ವನದೇ. ವಕೀಲರು, ಏಜೆಂಟರು ಪರವಾಗಿ ನಿಲ್ಲುವಂತಿಲ್ಲ. ಶುಲ್ಕವಿಲ್ಲ.

ಜೊತೆಗೆ ಪಾಲಿಸಿ, ಐಟಂವಾರು ಬಿಲ್ಲು, ಕಡಿತದ ಪತ್ರ ಇಟ್ಟೆವು. ಕಂಪನಿಗೆ ಕಳಿಸಿದ ಇ-ಮೇಲಿನ ಪ್ರತಿಯಲ್ಲಿ ತಾರೀಖು ಮತ್ತು ಯಾರಿಗೆ ಹೋಗಿದೆ ಎಂಬ ವಿಳಾಸ ಎರಡೂ ಕಾಣಬೇಕು. ತಿಂಗಳ ಎಣಿಕೆಗೆ ಆಧಾರ ಅದೊಂದೇ. ಇದೇ ವಿಷಯ ಗ್ರಾಹಕ ಆಯೋಗದಲ್ಲಿ ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ.

ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ. ಆಗ ಬಿಲ್ಲು ಕೈಯಲ್ಲಿರಲಿ, ಔಷಧಿ ಮತ್ತು ಲ್ಯಾಬಿನ ಸಾಲುಗಳಿಗೆ ಪೆನ್ನಿನಿಂದ ಗುರುತು ಹಾಕಿಟ್ಟಿರಿ. ರಾಜಿ ಆಗದಿದ್ದರೆ ಓಂಬುಡ್ಸ್‌ಮನ್ ಆದೇಶ ಬರೆಯುತ್ತಾರೆ. ಕಂಪನಿ ಅದಕ್ಕೆ ಬದ್ಧ, ಕೈಸೇರಿದ 30 ದಿನದಲ್ಲಿ ಪಾಲಿಸಬೇಕು.