ಮೈಲುತುತ್ತದ ಚೀಲಗಳು ಗೋದಾಮಿನಲ್ಲಿ ಉಳಿದದ್ದೇಕೆ?

ಶಿರಸಿಯ ನಮ್ಮ ಅಂಗಡಿಯಲ್ಲಿ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲಕ್ಕೆ, ಮೈಲುತುತ್ತ ದಿನಕ್ಕೆ ಸುಮಾರು 5 ಚೀಲ ಖರ್ಚಾಗುತ್ತದೆ. ಹುಬ್ಬಳ್ಳಿಯಿಂದ ಸರಕು ಬರಲು 8 ದಿನ ಬೇಕಾದ್ದರಿಂದ, ದಾಸ್ತಾನು 40 ಚೀಲಕ್ಕೆ ಇಳಿದಾಗ 60 ಚೀಲ ತರಿಸುವುದು ನಮ್ಮ ನಿಯಮ.

ಕಳೆದ ವರ್ಷ ಸೋಮವಾರ 38 ಚೀಲ ಕಂಡು ಆರ್ಡರ್ ಕೊಟ್ಟೆ. ಮಂಗಳವಾರ 33, ಬುಧವಾರ 28 ಕಂಡು ಮತ್ತೆರಡು ಬಾರಿ ಕೊಟ್ಟೆ. 180 ಚೀಲ ಬಂದಿಳಿದವು; ಸಿಂಪಡಣೆ ಮುಗಿದ ಮೇಲೂ ಉಳಿದ ಮಾಲು ಮಳೆಗಾಲದ ತೇವಕ್ಕೆ ಗಟ್ಟಿಕಟ್ಟಿತು. ಸೋಮವಾರದ ಆರ್ಡರ್ ಸೇರಿಸಿದ್ದರೆ ಮಂಗಳವಾರದ ಲೆಕ್ಕ 33 ಅಲ್ಲ, 93 ಆಗುತ್ತಿತ್ತು.

ಈಗ ಪುಸ್ತಕದಲ್ಲಿ ಕೈಯಲ್ಲಿರುವುದು, ಬರಬೇಕಾದದ್ದು, ಗಿರಾಕಿಗಳಿಗೆ ಕೊಡಲು ಬಾಕಿಯಿರುವುದು ಎಂದು ಮೂರು ಕಾಲಮುಗಳಿವೆ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದ ಮೊತ್ತವನ್ನಷ್ಟೇ 40ರೊಂದಿಗೆ ಹೋಲಿಸುತ್ತೇನೆ. ಈ ವರ್ಷ ಒಮ್ಮೆ ಗೋದಾಮು ಖಾಲಿಯಾಗಿ, 60 ಚೀಲ ದಾರಿಯಲ್ಲಿದ್ದವು. ಸಾಕಲ್ಲವೇ ಎನಿಸಿತು. ಆದರೆ ಮುಂಗಡ ಕೊಟ್ಟ ತೋಟಿಗರಿಗೆ 25 ಚೀಲ ಬಾಕಿಯಿದ್ದುದರಿಂದ ಉಳಿಯುವುದು 35 ಮಾತ್ರ. ಅಂದೇ ಆರ್ಡರ್ ಹಾಕಿದೆ.

ಸಗಟು ವ್ಯಾಪಾರಿ 60ರಲ್ಲಿ 45 ಕಳಿಸಿ ಉಳಿದದ್ದು ಇಲ್ಲವೆಂದರೆ, ಆ 15ನ್ನು ಎರಡನೆಯ ಕಾಲಮಿನಿಂದ ಅಂದೇ ಹೊಡೆದುಹಾಕಬೇಕು; ಇಲ್ಲದಿದ್ದರೆ ಬಾರದ ಸರಕನ್ನು ನಂಬಿ ಮುಂದಿನ ಆರ್ಡರ್ ತಡವಾಗುತ್ತದೆ.